ಹುಟ್ಟಿದವರ ಸಾಲು

ಬೋರೆ ಗೆಲ್ಲುಗಳಿಂದ ಎಲೆ ಸವರಿ ಕುದಿಯುವ ಹಂಡೆಗೆ ಹಾಕುತ್ತಿದ್ದ ಅಫ್ಸಾನಾಳ ಕೈ, ಮಸೀದಿಯ ಮೈಕು ಎರಡು ಸಲ ಕೆಮ್ಮಿದ ಕೂಡಲೇ ನಿಂತಿತು.

"ಎಲಾನ್. ಸೈಕಲ್ ಶಾಪಿನ ಮರ್ಹೂಮ್ ಸಮದ್ ಸಾಹೇಬರ ಹೆಂಡತಿ, ಕೊಪ್ಪದ ಗಫೂರ್ ಸಾಹೇಬರ ಅತ್ತಿಗೆ ಬಿಲ್ಕಿಸ್ ಬಿ ಅವರು ಇವತ್ತು ಬೆಳಗ್ಗೆ ತೀರಿಕೊಂಡಿದ್ದಾರೆ. ಮಕ್ಕಳಿಲ್ಲ. ಜನಾಜಾ ನಮಾಜು ಸಂಜೆಯ ಅಸರ್ ನಮಾಜು ಆದ ಮೇಲೆ ಇರುತ್ತದೆ."

ದನಿ ಶಾದಾಬನದು. ಮಸೀದಿಯ ಮೈಕಿನ ಉಸ್ತುವಾರಿ ಅವನದೇ. ಸಾವು, ಚಂದಾ, ಕಳೆದುಹೋದ ಪರ್ಸು, ಎಲ್ಲವನ್ನೂ ಒಂದೇ ರಾಗದಲ್ಲಿ ಹೇಳುವವನು. ಈಗಲೂ ಹಾಗೇ ಹೇಳಿದ. ಆ ರಾಗದೊಳಗೆ 'ಮಕ್ಕಳಿಲ್ಲ' ಎಂಬುದು ಪರ್ಸಿನ ಬಣ್ಣ ಹೇಳಿದಷ್ಟೇ ಸಲೀಸಾಗಿ ಬಂದು ಹೋಯಿತು.

ಅಫ್ಸಾನಾ ಕೈಯಲ್ಲಿದ್ದ ಗೆಲ್ಲನ್ನು ಎಲೆ, ಕಡ್ಡಿ, ಮುಳ್ಳಿನ ಸಮೇತ ಹಂಡೆಗೆ ಎಸೆದಳು.

"ಅಯ್ಯೋ ಮಾರಾಯ್ತಿ, ಮುಳ್ಳು!" ಪಕ್ಕದ ಮನೆಯ ದಾಕ್ಷಾಯಿಣಿಯಮ್ಮ ಇಕ್ಕಳ ಹುಡುಕಿದರು. ಎಲೆ ಅವರ ಹಿತ್ತಿಲಿನದೇ. "ಎಂತ ಹೇಳ್ದ ಅವ? ಮಕ್ಕಳಿಲ್ಲ ಅಂದ್ನಾ? ಹಂಗಾರೆ ನೀ ಯಾರೇ?"

"ಸೈಕಲ್ ಶಾಪಿನ ಹಳೇ ಸ್ಟಾಕು" ಎಂದಳು ಅಫ್ಸಾನಾ. "ಲೆಕ್ಕಕ್ಕೆ ಬರಲ್ಲ."

ಅವಳು ನಕ್ಕಳು ಅಂದುಕೊಂಡು ದಾಕ್ಷಾಯಿಣಿಯಮ್ಮ ಮುಖ ನೋಡಿದರು. ನಕ್ಕಿರಲಿಲ್ಲ. ಅಫ್ಸಾನಾ ಇಕ್ಕಳದಿಂದ ಗೆಲ್ಲು ತೆಗೆದು ಬದಿಗಿಟ್ಟು, ಹಂಡೆಯ ನೀರನ್ನು ಬಕೆಟ್ಟಿಗೆ ಬಗ್ಗಿಸಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು. ಎಳೆ ಮಗುವಿಗೆ ಎಷ್ಟು ಬಿಸಿಯೋ ಮಯ್ಯತ್ತಿಗೂ, ಸತ್ತವರ ಮೈಗೂ, ಅಷ್ಟೇ ಬಿಸಿ ಎಂದು ಅಮ್ಮಿ ಬಿಲ್ಕಿಸಳೇ ಹೇಳಿಕೊಟ್ಟಿದ್ದಳು. ಹಿಂದಿನ ವಾರ ಆಸ್ಪತ್ರೆಯ ಮಂಚದ ಮೇಲೆ ಕೈ ಹಿಡಿದು ಇನ್ನೂ ಒಂದು ಮಾತು ಹೇಳಿದ್ದಳು: "ನನ್ನ ಗುಸುಲ್, ಕೊನೇ ಸ್ನಾನ, ನೀನೇ ಮಾಡ್ಬೇಕು. ಉಗುರು ಸಂದಿ ಗ್ರೀಸ್ ತೊಳ್ಕೊಂಡು ಬಾ, ಅಷ್ಟೇ."

ಸೈಕಲ್ ಶಾಪಿನ ಕೆಲಸದಲ್ಲಿ ಕೂತಿದ್ದ ಆ ಗ್ರೀಸನ್ನು ಅಫ್ಸಾನಾ ಬೆಳಗ್ಗೆಯೇ ಸೀಮೆಎಣ್ಣೆ ಹಾಕಿ, ಸಾಬೂನು ಹಾಕಿ, ಬೆರಳು ಕೆಂಪಗಾಗುವಷ್ಟು ಉಜ್ಜಿ ತೆಗೆದಿದ್ದಳು. ಬಕೆಟ್ ಎತ್ತಿಕೊಂಡು, ಹಿತ್ತಿಲ ಬಚ್ಚಲ ಮುಂದೆ ಸೀರೆ ಕಟ್ಟಿ ಮಾಡಿದ್ದ ಪರದೆಯ ಕಡೆ ಹೊರಟಳು.

ಪರದೆಯ ಬಾಯಲ್ಲಿ ಶಾಹೀನ್ ಚಾಚಿ ನಿಂತಿದ್ದಳು. ಗಫೂರ್ ಚಾಚಾನ ಹೆಂಡತಿ.

"ಸ್ವಲ್ಪ ತಡಿ ಅಫ್ಸಾನಾ" ಎಂದಳು, ಕಣ್ಣು ಬಕೆಟ್ಟಿನ ಮೇಲೆ. "ಶೃಂಗೇರಿಯಿಂದ ನಮ್ಮ ಕಡೆ ಹೆಂಗಸರು ಹೊರಟಿದಾರೆ. ಅವರು ಬಂದು ಮಾಡ್ಲಿ ಅಂತ ಹೇಳ್ತಾರೆ."

"ಯಾರು ಹೇಳ್ತಾರೆ?"

ಚಾಚಿ ಉತ್ತರ ಹೇಳಬೇಕಾಗಿರಲಿಲ್ಲ. ನಡುಮನೆಯ ಆಚೆ, ಜಗಲಿಯಿಂದ ಉತ್ತರ ತಾನೇ ಬಂತು. "ಆ ಹುಡುಗಿ ಮುಟ್ಟೋದು ಬೇಡ ಅಂತ ನಾನು ಹೇಳ್ತೀನಿ!"

* * *

ಗಫೂರ್ ಚಾಚಾನ ಬಾಯಲ್ಲಿ ಅಫ್ಸಾನಾಗೆ ಹೆಸರೇ ಇರಲಿಲ್ಲ. ಯಾವಾಗಲೂ 'ಆ ಹುಡುಗಿ'. ಹುಡುಗಿಗೆ ಈಗ ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಕೂದಲು.

ಅವಳು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವಳು. ಎಲ್ಲ ಬಸ್ಸು ಹೋದ ಮೇಲೂ ಹೋಗದೆ ಉಳಿದ ಒಂದು ಕೂಸು, ಕೈಯಲ್ಲಿ ಅರ್ಧ ತಿಂದ ಬನ್ನು. ಪಂಪು ವಾಪಸು ತರಲು ಹೋಗಿದ್ದ ಸೈಕಲ್ ಶಾಪಿನ ಅಬ್ದುಲ್ ಸಮದ್ ಪಂಪನ್ನು ಮರೆತು ಕೂಸನ್ನು ಎತ್ತಿಕೊಂಡು ಬಂದ. ಪೊಲೀಸ್ ಸ್ಟೇಷನ್ನು, ಪೇಪರಿನಲ್ಲಿ ಫೋಟೋ, ಕೋರ್ಟು ಎಲ್ಲ ಆಯಿತು. ಕೇಳಿಕೊಂಡು ಯಾರೂ ಬರಲಿಲ್ಲ. ಕೂಸಿಗೆ ಗೊತ್ತಿದ್ದದ್ದು ಕನ್ನಡ ಮಾತ್ರ. ಹಾಗಾಗಿ ಮನೆಯಲ್ಲಿ ಉರ್ದು ಆಡುತ್ತಿದ್ದ ಬಿಲ್ಕಿಸ್ ಅವಳಿಗೋಸ್ಕರ ಕನ್ನಡಕ್ಕೆ ತಿರುಗಿದಳು. ಹೆಸರನ್ನು ಮಾತ್ರ ಉರ್ದುವಿನಲ್ಲಿಟ್ಟಳು. ಅಫ್ಸಾನಾ ಅಂದರೆ ಕತೆ. "ಎಲ್ಲಿಂದ ಶುರು ಆಯ್ತು ಅಂತ ಗೊತ್ತಿಲ್ಲದ ಕತೆ. ಮುಂದಿಂದು ನಾವು ಹೇಳೋದು" ಎನ್ನುತ್ತಿದ್ದಳು.

ಗಫೂರ್ ಆಗ ಕೊಪ್ಪದಿಂದ ಬಂದು ಇದೇ ಜಗಲಿಯಲ್ಲಿ ಕೂತು ಅಣ್ಣನಿಗೆ ಬುದ್ಧಿ ಹೇಳಿದ್ದ. "ಯಾರ ರಕ್ತವೋ ಏನೋ. ಆಶ್ರಮಕ್ಕೆ ಬಿಡಿ. ನಾಳೆ ನಿಮಗೆ ಕಷ್ಟ ಬಂದ್ರೆ ಓಡಿ ಬರೋದು ನಾನೇ ತಾನೇ? ನಾನಿಲ್ದೆ ನಡೀತದಾ ನಿಮ್ಮದು?"

ಅಣ್ಣ ಸ್ಪೋಕು ತಿರುವುತ್ತಲೇ ಇದ್ದ. ಮಾತಾಡಿದವಳು ಬಿಲ್ಕಿಸ್. "ನಡೀತದೆ ಗಫೂರ್. ನೀನಿಲ್ದೆ ನಡೀತದೆ, ಇವರಿಲ್ದೆ ನಡೀತದೆ, ನಾನಿಲ್ದೇನೂ ನಡೀತದೆ. ಯಾರಿಲ್ದೆ ನಡಿಯಲ್ವೋ ಅವನೊಬ್ಬನೇ, ಮೇಲಿರೋ ಆ ಸಮದ್."

ಗಫೂರನ ಮುಖ ಕೆಂಪಾಯಿತು. "ಸರಿ. ಅದು ಇರೋವರೆಗೂ ಈ ಮನೆ ನೀರು ನನ್ನ ಗಂಟಲಲ್ಲಿ ಇಳಿಯಲ್ಲ" ಎಂದವನು ಎದ್ದ.

ಆಡಿದ ಮಾತಿಗೆ ಗಟ್ಟಿ ಮನುಷ್ಯ. ಹಬ್ಬಕ್ಕೆ ಬಂದ, ಅಣ್ಣ ಸತ್ತಾಗ ಬಂದ, ಅತ್ತಿಗೆಯ ಕಣ್ಣಿನ ಆಪರೇಶನ್ನಿಗೆ ಜೀಪು ಮಾಡಿಕೊಂಡು ಬಂದ. ಪ್ರತಿ ಸಲವೂ ಕೊಪ್ಪದ ನೀರನ್ನು ಬಾಟಲಿಯಲ್ಲಿ ತಂದ. ಬಿಲ್ಕಿಸ್ ಅದನ್ನು ನೋಡಿದಾಗಲೆಲ್ಲ ಕೇಳುವಳು: "ಏನ್ ಗಫೂರ್, ಮಕ್ಕಾದ ಝಮ್‌ಝಮ್ ನೀರಾ?"

* * *

ಈಗಲೂ ಬಾಟಲಿ ಕುರ್ಚಿಯ ಕಾಲ ಬಳಿ ಇತ್ತು. ಅಫ್ಸಾನಾ ಬಕೆಟ್ಟನ್ನು ಅಲ್ಲೇ ಇಟ್ಟು, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡು, ನಡುಮನೆ ದಾಟಿ ಜಗಲಿಯ ಬಾಗಿಲಿಗೆ ಬಂದಳು.

ನಡುಮನೆಯಲ್ಲಿ ಬಿಳಿ ಚಾದರ ಹಾಸಿ ಹುಣಸೆ ಬೀಜ ಸುರಿದಿತ್ತು. ಹೆಂಗಸರು ಸುತ್ತ ಕೂತು ಕುರ್‌ಆನಿನ ಪುಟ್ಟ ಅಧ್ಯಾಯ 'ಕುಲ್ ಹುವಲ್ಲಾಹು' ಓದುತ್ತ, ಒಂದು ಸಲ ಓದಿದ್ದಕ್ಕೆ ಒಂದು ಬೀಜದಂತೆ ಈ ಗುಡ್ಡೆಯಿಂದ ಆ ಗುಡ್ಡೆಗೆ ದಾಟಿಸುತ್ತಿದ್ದರು. ಕೊನೇ ಬಸ್ಸು ಹೊರಟಿದೆ ಎಂಬ ವೇಗ. ಜಗಲಿಯಲ್ಲಿ ಗಂಡಸರು. ಮಸೀದಿಯ ಗುರು ಜಾಹಿದ್ ಹಜರತ್ ಇನ್ನೂ ಹೊಸಿಲ ಬಳಿ ಚಪ್ಪಲಿ ಬಿಡುತ್ತಿದ್ದರು. ಮೈಕು ಆರಿಸಿ ಬಂದ ಶಾದಾಬ್ ಗೋಡೆಗೆ ಒರಗಿದ್ದ.

"ಶಾದಾಬ್, 'ಮಕ್ಕಳಿಲ್ಲ' ಅಂತ ಬರಕೊಟ್ಟಿದ್ದು ಯಾರು?" ಅಫ್ಸಾನಾ ಕೇಳಿದಳು.

ಶಾದಾಬ್ ಗಫೂರ್ ಚಾಚಾನ ಕಡೆ ನೋಡಿದ. ಅಷ್ಟು ಸಾಕಾಯಿತು.

"ಸುಳ್ಳೇನಿದೆ ಅದ್ರಲ್ಲಿ?" ಎಂದ ಚಾಚಾ. "ಹೆತ್ತಿದ್ಲಾ?"

"ಹೆತ್ತಿಲ್ಲ. ಹೆತ್ತೆ ಅಂತ ಅಮ್ಮಿ ಯಾವತ್ತೂ ಹೇಳಿಲ್ಲ, ನಾನೂ ಹೇಳಲ್ಲ. ಸಾಕುಮಗಳು ಅನ್ನಿ. ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದು ಅಂತ ಬೇಕಾದ್ರೆ ಮೈಕಲ್ಲೇ ಹೇಳಿ, ಊರಿಗೇ ಗೊತ್ತು. ಇಲ್ಲ ಅಂತ ಮಾತ್ರ ಹೇಳ್ಬೇಡಿ. ಇಲ್ಲೇ ನಿಂತಿದೀನಿ."

"ಹಜರತ್" ಚಾಚಾ ತಿರುಗಿದ, "ನೀವೇ ಹೇಳಿ. ಸಾಕಿದ್ದು ಮಗಳಾಗ್ತದಾ?"

ಜಾಹಿದ್ ಹಜರತ್ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ನಿಧಾನ. "ವಂಶದ ಹೆಸರಿನ ಮಟ್ಟಿಗೆ ಆಗಲ್ಲ. ಆದ್ರೆ ತಂದೆ ಯಾರು ಅಂತ ಗೊತ್ತಿಲ್ಲದಿದ್ರೆ ಅವರು ದೀನಿನಲ್ಲಿ, ಅಂದ್ರೆ ಧರ್ಮದಲ್ಲಿ, ನಿಮ್ಮ ಒಡಹುಟ್ಟಿದವರು ಅಂತ ಕುರ್‌ಆನಿನಲ್ಲೇ ಇದೆ. ಇನ್ನು ಗುಸುಲ್ ವಿಷಯ. ಹೆಂಗಸಿಗೆ ಹೆಂಗಸರು ಮಾಡೋದು. ಕ್ರಮ ಗೊತ್ತಿರ್ಬೇಕು. ತೀರಿಕೊಂಡವರು ಯಾರ ಹೆಸರಾದ್ರೂ ಹೇಳಿದ್ರೆ ಅವರಿಗೇ ಮೊದಲು."

"ಹೇಳಿದ್ದಕ್ಕೆ ಸಾಕ್ಷಿ?" ಎಂದ ಚಾಚಾ.

"ನಾನಿದೀನಲ್ಲ!" ಹಿಂದಿನಿಂದ ದಾಕ್ಷಾಯಿಣಿಯಮ್ಮನ ದನಿ, ಇಕ್ಕಳದ ಸಮೇತ. "ಆಸ್ಪತ್ರೆಗೆ ಗಂಜಿ ತಕ್ಕೊಂಡು ಹೋಗಿದ್ದೆ. ನನ್ನ ಎದುರಿಗೇ ಹೇಳಿದ್ದು."

"ನಿಮ್ಮ ಮೇಲೆ ಗೌರವ ಇದೆ ತಾಯಿ. ಇದು ನಮ್ಮ ಮನೆ ವಿಷಯ." ಚಾಚಾ ಕುರ್ಚಿಯಿಂದ ಎದ್ದ. "ನನ್ನ ಅಣ್ಣನ ಹೆಂಡತಿ ಅವಳು. ನನ್ನ ತಾಯಿ ಸತ್ತಾಗ ನನಗೆ ಅನ್ನ ಹಾಕಿದವಳು. ಕೊನೇ ನೀರು ನಮ್ಮವರು ಹಾಕಬೇಕು. ಶೃಂಗೇರಿಯವರು ಬಂದು, ಒಳಗೆ ಯಾರಿದಾರೆ ಅಂತ ಕೇಳಿದ್ರೆ ಏನಂತ ಹೇಳ್ಲಿ ನಾನು? ಆ ಹುಡುಗಿ ಹಸಬ್ ಏನು, ನಸಬ್ ಏನು? ಯಾವ ಮನೆ, ಯಾವ ವಂಶ? ಹೇಳು, ಯಾರ ಮಗಳು ನೀನು?"

ಒಳಗೆ ಬೀಜಗಳ ಸದ್ದು ನಿಂತಿತು.

* * *

ಆ ಪ್ರಶ್ನೆ ಅವಳಿಗೆ ಹಳೆಯದು. ಮೊದಲ ಸಲ ಕೇಳಿದವನು, ಈಗ ಗೋಡೆಗೆ ಒರಗಿ ನಿಂತಿದ್ದ ಇದೇ ಶಾದಾಬ್. ಆಗ ಮದರಸಾದಲ್ಲಿ ಜೊತೆ ಕೂರುತ್ತಿದ್ದ ಹಲ್ಲುಬ್ಬ. "ಬಸ್‌ಸ್ಟ್ಯಾಂಡ್ ಬೇಗಂ, ನಿನ್ನನ್ನು ಹೆತ್ತಿದ್ದು ಯಾವ ಬಸ್ಸು?" ಎಂದಿದ್ದ. ಅಫ್ಸಾನಾ ಅವನಿಗೆ ತಕ್ಷಣ ಅವನ ಅಪ್ಪನ ದನಿಯಲ್ಲೇ ಬೈದು, ಕಂಡಕ್ಟರನ ದನಿಯಲ್ಲಿ ಸೀಟಿ ಊದಿ, ಇಡೀ ಮದರಸಾವನ್ನು ನಗಿಸಿ ಗೆದ್ದು ಬಂದಿದ್ದಳು. ಮನೆಗೆ ಬಂದ ಮೇಲೆ ನಾಳೆಯಿಂದ ಹೋಗಲ್ಲ ಎಂದಳು.

ಬಿಲ್ಕಿಸ್ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಯಾಕೆ ಎಂದು ಕೇಳಲಿಲ್ಲ. "ಇವತ್ತು ಏನು ಓದಿಸಿದ್ರು?" ಎಂದಳು.

"ಕುಲ್ ಹುವಲ್ಲಾಹು. ಬಾಯಿಪಾಠ ಆಗಿದೆ."

"ಬಾಯಿಗಾಯ್ತು. ತಲೆಗೆ?" ಅವಳು ಒಂದು ಬೀಜ ತೆಗೆದು ನೆಲದ ಮೇಲಿಟ್ಟಳು. ಕೊಪ್ಪದ ಹಳೇ ಮಸೀದಿಯಲ್ಲಿ ಉಸ್ತಾದರಾಗಿದ್ದ ಅಪ್ಪ ತನಗೆ ಉರ್ದುವಿನಲ್ಲಿ ಹೇಳಿಕೊಟ್ಟದ್ದನ್ನು ಅವಳು ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. "ಕುಲ್. ಅಂದ್ರೆ 'ಹೇಳು'. ಮಕ್ಕಾದ ಜನ ಪೈಗಂಬರರ ಹತ್ರ ಬಂದು ಕೇಳಿದ್ರಂತೆ: ನಿನ್ನ ದೇವರ ವಂಶ ಯಾವುದು, ಹೇಳು ನೋಡೋಣ ಅಂತ. ಆಗ ಮೇಲಿಂದ ಬಂದ ಉತ್ತರ ಇದು. 'ಹೇಳು' ಅಂತ ಇದ್ದಿದ್ದನ್ನೂ ಬಿಡದೆ ಹಾಗೇ ಒಪ್ಪಿಸಿದ್ರು. ಅಂದ್ರೆ ಮಾತು ಅವರದಲ್ಲ, ಕಳಿಸಿದವನದು."

"ವಂಶ ಕೇಳಿದ್ರಾ? ದೇವರದ್ದೂನಾ?"

"ಜನ ಯಾರನ್ನ ಬಿಟ್ಟಿದಾರೆ? ಹುವ, 'ಅವನು'. ಅಲ್ಲಾಹು, ಅದು ಹೆಸರು. ಅಹದ್, 'ಒಬ್ಬನೇ'."

"ಒಂದು" ಎಂದು ಅಫ್ಸಾನಾ ಬೆರಳೆತ್ತಿದಳು.

"ಅದು ವಾಹಿದ್. ಎಣಿಸೋ ಒಂದು. ಅದರ ಹಿಂದೆ ಎರಡು ಬರ್ತದೆ, ಮೂರು ಬರ್ತದೆ. ವಾಹಿದ್ ಅಂತಾನೂ ಅವನಿಗೆ ಹೆಸರಿದೆ. ಆದ್ರೆ ಇಲ್ಲಿ ಅಹದ್ ಅಂದಿದಾನೆ. ಪಕ್ಕದಲ್ಲಿ ಇನ್ನೊಂದು ನಿಲ್ಲೋಕೆ ಜಾಗವೇ ಇಲ್ಲದ ಒಬ್ಬ. ಅವನನ್ನ ತುಂಡು ಮಾಡೋಕೂ ಆಗಲ್ಲ, ಎರಡು ಮಾಡೋಕೂ ಆಗಲ್ಲ. ಮುಂದಿಂದು?"

"ಅಲ್ಲಾಹುಸ್ಸಮದ್. ಅಬ್ಬಾನ ಹೆಸರು!"

"ಅಬ್ಬಾನ ಹೆಸರು ಅಬ್ದುಲ್ ಸಮದ್. ಸಮದನ ಗುಲಾಮ. ಊರವರು ಗುಲಾಮನನ್ನ ಬಿಟ್ಟು ಬರೀ ಸಮದ್ ಮಾಡಿದಾರೆ. ಪಾಪ, ಆ ಮನುಷ್ಯನಿಗೆ ಚಕ್ರಕ್ಕೆ ಹಾಕೋ ಬಾಲ್ರಸ್ ಬೇಕಂದ್ರೆ ಶಿವಮೊಗ್ಗಕ್ಕೆ ಹೋಗ್ಬೇಕು. ಸಮದ್ ಅಂದ್ರೆ, ಎಲ್ಲರೂ ಬೇಕೂ ಬೇಕು ಅಂತ ಯಾರ ಹತ್ರ ಹೋಗ್ತಾರೋ, ಯಾರಿಗೆ ಮಾತ್ರ ಯಾರ ಹತ್ರಾನೂ ಹೋಗೋದು ಬೇಕಾಗಿಲ್ವೋ ಅವನು." ಪಕ್ಕದ ಖಾಲಿ ಕೊಡಕ್ಕೆ ಬೆರಳಲ್ಲಿ ಬಡಿದಳು. ಅದು ಡಬ್ ಎಂದಿತು. "ಇನ್ನೊಂದು ಅರ್ಥಾನೂ ಹಳಬರು ಹೇಳ್ತಾರೆ. ಒಳಗೆ ಟೊಳ್ಳಿಲ್ಲದವನು. ಹಸಿವಿಲ್ಲ, ಬಾಯಾರಿಕೆ ಇಲ್ಲ. ನಾವೆಲ್ಲ ಈ ಕೊಡದ ಜಾತಿ. ತುಂಬಬೇಕು, ಖಾಲಿ ಆಗ್ಬೇಕು, ಮತ್ತೆ ತುಂಬಬೇಕು. ಗಂಟಲು ಇರೋ ಯಾವನೂ ಸಮದ್ ಆಗಲ್ಲ. ಹೂಂ, ಮುಂದೆ."

"ಲಮ್ ಯಲಿದ್ ವಲಮ್ ಯೂಲದ್."

"ಲಮ್, 'ಇಲ್ಲ'. ಯಲಿದ್, 'ಹುಟ್ಟಿಸು'. ಅವನು ಯಾರನ್ನೂ ಹುಟ್ಟಿಸಿ ಮಕ್ಕಳು ಅಂತ ಪಡೆದಿಲ್ಲ. ವ, 'ಮತ್ತು'. ಲಮ್ ಯೂಲದ್, ಅವನು ಯಾರಿಗೂ ಹುಟ್ಟಿದವನೂ ಅಲ್ಲ."

ಹುಡುಗಿಯ ಕಣ್ಣು ದೊಡ್ಡದಾಯಿತು. "ಯಾರಿಗೂ ಹುಟ್ಟಿಲ್ವಾ? ಹಂಗಾರೆ ಅವನೂ ನನ್ನ ಥರಾನಾ ಅಮ್ಮಿ?"

"ತೋಬಾ ತೋಬಾ!" ಬಿಲ್ಕಿಸ್ ಎರಡೂ ಕೆನ್ನೆ ಬಡಿದುಕೊಂಡಳು. ಆಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಅವಳ ಕಣ್ಣು ತುಂಬಿತು. ಹುಣಸೆ ಮೆತ್ತಿದ ಕೈಯಿಂದಲೇ ಹುಡುಗಿಯನ್ನು ಎಳೆದು ಕೂರಿಸಿಕೊಂಡಳು.

"ಯಾರು ಏನಂದ್ರು ನಿನಗೆ?"

ಅಫ್ಸಾನಾ ಹೇಳಿದಳು.

ಬಿಲ್ಕಿಸ್ ನೆಲದ ಮೇಲೆ ಬೀಜಗಳನ್ನು ಸಾಲಾಗಿ ಇಡತೊಡಗಿದಳು. "ಇದು ನಾನು. ಇದು ಅಬ್ಬಾ. ಇದು ನಿನ್ನ ಗಫೂರ್ ಚಾಚಾ. ಇದು ಆ ಹಲ್ಲುಬ್ಬ ಶಾದಾಬ್. ಇದು ಡಿ.ಸಿ. ಸಾಹೇಬ್ರು. ಇದು ನೀನು. ಬೀಜ ಅಂದ್ರೇನು? ಇನ್ನೊಂದರಿಂದ ಬಂದಿದ್ದು. ಈ ಸಾಲು ಪೂರ್ತಿ ಹುಟ್ಟಿದವರದು. ನೀನು ಹುಟ್ಟಿದೀಯ ಕೂಸೇ. ಯಾವುದೋ ತಾಯಿ ನೋವು ತಿಂದೇ ನಿನ್ನನ್ನ ಹೆತ್ತಿದಾಳೆ. ಅವಳ ಹೆಸರು ನಮಗೆ ಗೊತ್ತಿಲ್ಲ, ಅವನಿಗೆ ಗೊತ್ತು. ನಮಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ನಿನ್ನನ್ನ ಈ ಸಾಲಿಂದ ಎತ್ತಿ ಬಿಸಾಕೋಕೆ ಯಾರಿಗೂ ಹಕ್ಕಿಲ್ಲ."

"ಅಲ್ಲಾಹ್‌ನ ಬೀಜ ಎಲ್ಲಿ?"

"ಅವನಿಗೆ ಬೀಜ ಇಡೋಕಾಗಲ್ಲ. ಇಟ್ರೆ ಸಾಲಿಗೆ ಬಂದುಬಿಡ್ತಾನಲ್ಲ. ಅದಕ್ಕೇ ಕೊನೇ ಮಾತು: ವಲಮ್ ಯಕುನ್, 'ಮತ್ತು ಇಲ್ಲ'. ಲಹೂ, 'ಅವನಿಗೆ'. ಕುಫುವನ್, 'ಸರಿಸಾಟಿ'. ಅಹದ್, 'ಒಬ್ಬನೂ'. ಅವನಿಗೆ ಸರಿಸಾಟಿ ಒಬ್ಬನೂ ಇಲ್ಲ. ನೋಡು, ಶುರುವಿನ ಅಹದ್ ಅವನೊಬ್ಬನೇ ಅನ್ನೋದು, ಕೊನೇ ಅಹದ್ ಬೇರೆ ಯಾರೂ ಅಲ್ಲಿಲ್ಲ ಅನ್ನೋದು. ಒಂದೇ ಮಾತು, ಬಾಗಿಲಿನ ಹಾಗೆ ಎರಡೂ ಕಡೆ ಮುಚ್ಚಿತು. ಅಲ್ಲಿ ನಿಂತು ನಿನ್ನನ್ನ ಮೇಲಿಂದ ನೋಡೋಕೆ ಯಾವ ಮನುಷ್ಯನಿಗೂ ಜಾಗ ಇಲ್ಲ. ತಿಳೀತಾ? ನಾಳೆ ಮದರಸಾಕ್ಕೆ ಹೋಗು."

ಹೋದಳು. ಅಷ್ಟೇ ಅಲ್ಲ, ಜೊತೆಗೆ ನಾಲ್ವರು ಹುಡುಗಿಯರನ್ನು ಅಮ್ಮಿಯ ಪಾಠಕ್ಕೆ ಕರೆತಂದಳು. ಆಮೇಲೆ ಅವರ ಅಮ್ಮಂದಿರು ಬಂದರು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬಿಲ್ಕಿಸಳ ಅಡುಗೆಮನೆಯಲ್ಲಿ ಬೀಜ ಇಟ್ಟು ಮಾತು ಬಿಡಿಸುವುದು ನಡೆಯುತ್ತಲೇ ಬಂತು. ಗೋಡೆಯಾಚೆ ದಾಕ್ಷಾಯಿಣಿಯಮ್ಮ ಒಗ್ಗರಣೆ ಸದ್ದು ಕಡಿಮೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಬರೀ ಓದಿದರೆ ಸಾಕು, ಹೆಂಗಸರಿಗೆ ಅರ್ಥ ಎಲ್ಲ ಯಾಕೆ ಎಂದು ಕೊಪ್ಪದಿಂದ ಗಫೂರ್ ಫೋನು ಮಾಡಿದಾಗ ಬಿಲ್ಕಿಸ್, "ಮೊದಲನೇ ಮಾತೇ 'ಹೇಳು' ಅಂತಿದೆ ಗಫೂರ್. ಏನು ಹೇಳ್ತಿದೀನಿ ಅಂತ ಗೊತ್ತಿಲ್ದೆ ಹೇಳೋದು ಹ್ಯಾಗೆ?" ಎಂದು ಫೋನಿಟ್ಟಿದ್ದಳು.

* * *

ಅಫ್ಸಾನಾ ಅನುಕರಿಸದ ದನಿ ಊರಲ್ಲಿ ಇರಲಿಲ್ಲ. ಪಂಕ್ಚರ್ ಹಾಕುತ್ತ ತಹಸೀಲ್ದಾರರನ್ನೂ, ಅಡಿಕೆ ವ್ಯಾಪಾರದ ಮಲ್ಲೇಶಪ್ಪನನ್ನೂ, ಕೊಪ್ಪದ ಗಫೂರ್ ಚಾಚಾನನ್ನೂ ಆಡಿಸಿ ತೋರಿಸುವಳು. ಸೈಕಲ್ ಸರಿ ಹೋಗುವವರೆಗೆ ಗಿರಾಕಿ ನಗುತ್ತಲೇ ಇರಬೇಕು. ಅಮ್ಮಿಯ ದನಿಯನ್ನು ಮಾತ್ರ ಅವಳು ಯಾವತ್ತೂ ಮುಟ್ಟಿರಲಿಲ್ಲ.

"ಯಾರ ಮಗಳು?" ಚಾಚಾ ಮತ್ತೆ ಕೇಳಿದ.

ಅವಳು ಬಾಯಿ ತೆರೆದಾಗ ಬಂದದ್ದು ಆ ದನಿ. ಸ್ವಲ್ಪ ಮೂಗಿನಲ್ಲಿ, ಮಾತಿನ ಕೊನೆಗೆ ಸಣ್ಣ ಏರು, ಎದುರಿನವರು ಮುಂದಿನದನ್ನು ಹೇಳಲಿ ಎಂದು ಕಾಯುವ ಹಾಗೆ.

"ಇದೇ ಪ್ರಶ್ನೆ ಮಕ್ಕಾದಲ್ಲಿ ಅವನ ಬಗ್ಗೆ ಕೇಳಿದ್ರು ಚಾಚಾ. ಬಂದ ಉತ್ತರವನ್ನೇ ಒಳಗೆ ಇಷ್ಟು ಹೊತ್ತು ಓದ್ತಾ ಇರೋದು. ಕುಲ್?"

ಒಳಗೆ ಯಾರೋ ಬಿಕ್ಕಿದರು. ಸತ್ತವಳ ದನಿ ನಡುಮನೆಯಲ್ಲಿ ಪಾಠ ಕೇಳುತ್ತಿತ್ತು. ಅಭ್ಯಾಸ ಬಿಡಲಿಲ್ಲ. ಹೆಂಗಸರ ಗುಂಪಿನಿಂದ ಉತ್ತರ ಬಂತು. "ಹೇಳು."

"ಹುವಲ್ಲಾಹು ಅಹದ್?"

"ಅವನು, ಅಲ್ಲಾಹ್, ಒಬ್ಬನೇ."

"ಅಲ್ಲಾಹುಸ್ಸಮದ್?"

"ಎಲ್ಲರಿಗೂ ಅವನು ಬೇಕು" ಈ ಸಲ ಇನ್ನೂ ಹೆಚ್ಚು ದನಿಗಳು, "ಅವನಿಗೆ ಯಾರೂ ಬೇಕಿಲ್ಲ."

"ಲಮ್ ಯಲಿದ್?"

"ಹುಟ್ಟಿಸಲಿಲ್ಲ."

"ವಲಮ್ ಯೂಲದ್?"

"ಹುಟ್ಟಿದವನೂ ಅಲ್ಲ!" ಅದು ಒಂದೇ ದನಿ, ಹಿತ್ತಿಲ ಕಡೆಯಿಂದ. ಗಫೂರ್ ಚಾಚಾ ತಿರುಗಿ ನೋಡಿದ. ಪರದೆ ಕಾಯಬೇಕಾಗಿದ್ದ ಶಾಹೀನ್ ಚಾಚಿ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

"ವಲಮ್ ಯಕುನ್ ಲಹೂ ಕುಫುವನ್ ಅಹದ್?" ಅಫ್ಸಾನಾಳ ಕಣ್ಣು ಚಾಚಿಯ ಮೇಲೆ.

"ಮತ್ತು ಅವನಿಗೆ ಸರಿಸಾಟಿ ಒಬ್ಬನೂ ಇಲ್ಲ" ಎಂದಳು ಚಾಚಿ.

"ಹುಟ್ಟದೇ ಇರೋನು ಅವನೊಬ್ಬನೇ." ಅಫ್ಸಾನಾ ಈಗ ತನ್ನದೇ ದನಿಗೆ ಬಂದಿದ್ದಳು. "ನಾನು ಹುಟ್ಟಿದೀನಿ ಚಾಚಾ. ಎಲ್ಲಿ ಅಂತ ಗೊತ್ತಿಲ್ಲ. ನೀವೂ ಹುಟ್ಟಿದೀರಿ, ಕೊಪ್ಪದಲ್ಲಿ ಅಂತ ಗೊತ್ತಿದೆ. ಅಷ್ಟೇ ನಮ್ಮಿಬ್ಬರಿಗೆ ವ್ಯತ್ಯಾಸ. ಮೇಲೆ ಹೋದವಳನ್ನ ಅಲ್ಲಿ ವಂಶ ಕೇಳಲ್ಲ. ಇಲ್ಲಿ ನನ್ನನ್ನ ಕೇಳ್ತಾ ನಿಂತ್ರೆ ನೀರು ತಣ್ಣಗಾಗ್ತದೆ. ನಾನು ಒಳಗೆ ಹೋಗ್ತೀನಿ."

"ಶಾಹೀನ್!" ಚಾಚಾ ಗುಡುಗಿದ. "ಅವಳನ್ನ ಬಿಡಬೇಡ."

ಶಾಹೀನ್ ಚಾಚಿ ಮದುವೆಯಾದಂದಿನಿಂದ ಗಂಡನ ಮಾತಿಗೆ ಎದುರು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಈಗ ಹಜರತ್ ಕಡೆ ಮುಖ ಮಾಡಿದಳು. "ಇವರು ಸಾಕ್ಷಿ ಬೇಕಂದ್ರಲ್ಲ, ನಾನು ಸಾಕ್ಷಿ. ಭಾಬಿ ನನಗೂ ಫೋನಲ್ಲಿ ಹೇಳಿದ್ರು, ಅಫ್ಸಾನಾನೇ ಮಾಡ್ಬೇಕು, ನೀನು ನೀರು ಬಗ್ಗಿಸಿ ಕೊಡು ಅಂತ. ಬೆಳಗ್ಗೆಯೇ ಹೇಳಬೇಕಾಗಿತ್ತು. ಹೆದರಿದೆ."

"ಫೋನಲ್ಲಿ? ನೀನು ಯಾವಾಗ ಅವಳ ಹತ್ರ..."

"ದಿನಾ. ನೀವು ಅಂಗಡಿಗೆ ಹೋದ ಮೇಲೆ. ನಾನು ಪಾಠ ಕಲ್ತಿದ್ದೇ ಫೋನಲ್ಲಿ." ಚಾಚಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಬಾ ಅಫ್ಸಾನಾ."

ಹಜರತ್ ಗಂಟಲು ಸರಿಮಾಡಿಕೊಂಡರು. "ಮುಗೀತಲ್ಲ ಗಫೂರ್ ಭಾಯ್. ಗಂಡಸರಿಗೆ ಖಬರು ತೋಡೋ ಕೆಲಸ ಇದೆ. ಏಳಿ."

ಶಾದಾಬ್ ಆಗಲೇ ಗೇಟು ದಾಟಿದ್ದ.

* * *

ಪರದೆಯ ಒಳಗೆ ಬಿಸಿ ಹಬೆ, ಬೋರೆ ಎಲೆಯ ಹಸಿ ವಾಸನೆ. ಅಮ್ಮಿಯ ಮೈ ಮೇಲೆ ಬಟ್ಟೆ ಹೊದಿಸಿ, ಕೈಗೆ ಬಟ್ಟೆ ಸುತ್ತಿಕೊಂಡು, ಅಫ್ಸಾನಾ ಮೊದಲು ಕೈ, ಮುಖ, ಕಾಲು ತೊಳೆದು ವುಜು ಮಾಡಿಸಿದಳು, ಆಮೇಲೆ ಬಲ ಮಗ್ಗುಲು, ಆಮೇಲೆ ಎಡ. ಚಾಚಿ ನೀರು ಬಗ್ಗಿಸಿ ಕೊಟ್ಟಳು. ಕೊನೆಯ ನೀರಿಗೆ ಕರ್ಪೂರ ಪುಡಿ ಮಾಡಿ ಹಾಕಿದರು. ಹುಣಸೆ ಬಿಡಿಸಿ ಬಿಡಿಸಿ ಕಪ್ಪಾಗಿದ್ದ ಅಮ್ಮಿಯ ಬೆರಳ ತುದಿಗಳನ್ನು ಅಫ್ಸಾನಾ ಒಂದೊಂದಾಗಿ ತೊಳೆದಳು. ಕಪ್ಪು ಹೋಗಲಿಲ್ಲ.

"ಬಿಡು" ಎಂದಳು ಚಾಚಿ. "ಅದು ಹೋಗಲ್ಲ."

ಕೂದಲನ್ನು ಮೂರು ಎಳೆ ಮಾಡಿ ಹೆಣೆಯುತ್ತಿರುವಾಗ ಮೈಕು ಮತ್ತೆ ಕೆಮ್ಮಿತು.

"ಎಲಾನ್. ಬೆಳಗ್ಗೆ ಹೇಳಿದ್ದರಲ್ಲಿ ತಪ್ಪಾಗಿದೆ." ಶಾದಾಬನ ದನಿಯಲ್ಲಿ ಈ ಸಲ ರಾಗ ಇರಲಿಲ್ಲ. "ಮರ್ಹೂಮ್ ಅಬ್ದುಲ್ ಸಮದ್ ಸಾಹೇಬರ ಹೆಂಡತಿ, ಅಫ್ಸಾನಾಳನ್ನು ಸಾಕಿ ಬೆಳೆಸಿದ ತಾಯಿ ಬಿಲ್ಕಿಸ್ ಬಿ ಅವರ ಜನಾಜಾ..."

"ಅಬ್ದುಲ್ ಸೇರಿಸಿದಾನೆ" ಎಂದಳು ಅಫ್ಸಾನಾ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಮಯ್ಯತ್ತಿನ ಮೇಲೆ ಕಣ್ಣೀರು ಬೀಳದಂತೆ ಅವಳು ಮುಖ ಆಚೆ ತಿರುಗಿಸಿ, ಜಡೆಯನ್ನು ಮಾತ್ರ ಬಿಡದೆ ಹೆಣೆದಳು.

ಶೃಂಗೇರಿಯ ಜೀಪು ಬರುವ ಹೊತ್ತಿಗೆ ಬಿಳಿ ಕಫನ್ ಬಟ್ಟೆ ಉಡಿಸಿ ಆಗಿತ್ತು. ಒಳಗೆ ಮಾಡಿದ್ದು ಯಾರು ಎಂದು ಯಾರೋ ಕೇಳಿದರು. "ಮಗಳು" ಎಂದರು ದಾಕ್ಷಾಯಿಣಿಯಮ್ಮ. ಕೇಳಿದವರು ತಲೆಯಾಡಿಸಿದರು.

ಗಂಡಸರು ಜನಾಜಾದ ಡೋಲಿ ಹೊತ್ತು ನಡೆದರು. ಮುಂದಿನ ಬಲಗಡೆ ಹೆಗಲು ಗಫೂರ್ ಚಾಚಾನದು. ಭದ್ರಾ ಹಿನ್ನೀರಿನ ಕಡೆಗೆ ಇಳಿಯುವ ರಸ್ತೆಯ ತಿರುವಿನವರೆಗೂ ಅವನು ಬೇರೆ ಯಾರಿಗೂ ಹೆಗಲು ಬಿಟ್ಟುಕೊಡಲಿಲ್ಲ. ಅಫ್ಸಾನಾ ಗೇಟು ಹಿಡಿದು ನೋಡಿದಳು.

* * *

ಮಣ್ಣು ಕೊಟ್ಟು ಬಂದಾಗ ಬಿಸಿಲು ಇಳಿದಿತ್ತು. ಗಂಡಸರು ಒಬ್ಬೊಬ್ಬರೇ ಹೊರಟು ಹೋದರು. ಗಫೂರ್ ಚಾಚಾ ಜಗಲಿಯ ಮೆಟ್ಟಿಲ ಮೇಲೆ ಕೂತ. ಅಂಗಿಯ ಹೆಗಲು ಬೆವರಿಗೆ ಅಂಟಿತ್ತು. ಉಗುರು ಸಂದಿಯಲ್ಲಿ ಕೆಂಪು ಮಣ್ಣು. ಬಾಟಲಿ ಎತ್ತಿ ಬಾಯಿಗೆ ಬಗ್ಗಿಸಿದ. ಖಾಲಿ. ಇನ್ನೊಮ್ಮೆ ಅಲ್ಲಾಡಿಸಿ ನೋಡಿ ಕೆಳಗಿಟ್ಟ. ತುಟಿ ಒಣಗಿ ಬಿಳಿಯಾಗಿತ್ತು.

ಅಫ್ಸಾನಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಒಳಗೆ ಹೋಗಿ ತುಂಬಿದ ಪುಟ್ಟ ಕೊಡ ತಂದು ಮೆಟ್ಟಿಲ ಮೇಲೆ ಇಟ್ಟಳು, ಪಕ್ಕದಲ್ಲಿ ಚೊಂಬು. ಬಗ್ಗಿಸಿ ಕೊಡಲಿಲ್ಲ. ಕುಡಿಯಿರಿ ಎಂದೂ ಹೇಳಲಿಲ್ಲ. ಅದೇ ಮೆಟ್ಟಿಲಿನ ಇನ್ನೊಂದು ತುದಿಯಲ್ಲಿ ಕೂತಳು.

ಚಾಚಾ ಕೊಡವನ್ನು ನೋಡಿದ. ರಸ್ತೆ ನೋಡಿದ. ಮತ್ತೆ ಕೊಡ ನೋಡಿದ.

"ಅಫ್ಸಾನಾ" ಎಂದ. ಹೆಸರು ಅವನ ಬಾಯಲ್ಲಿ ಹೊಸ ಚಪ್ಪಲಿಯಂತೆ ಕಚ್ಚಿತು. "ನೀರು."

"ಅಲ್ಲೇ ಇದೆ ಚಾಚಾ. ಚೊಂಬೂ ಇದೆ."

ಆಮೇಲೆ ಅವನು ತಾನೇ ಬಗ್ಗಿ, ಚೊಂಬು ಅದ್ದಿ, ತಲೆ ಹಿಂದಕ್ಕೆ ಮಾಡಿ ಎತ್ತಿ ಕುಡಿದ. ಮುದಿ ಗಂಟಲಿನ ಗುಂಡು ಮೇಲೆ ಹೋಗಿ ಕೆಳಗೆ ಬಂತು, ಮೇಲೆ ಹೋಗಿ ಕೆಳಗೆ ಬಂತು. ನೀರು ಗಡ್ಡದಿಂದ ಇಳಿದು ಎದೆಯ ಮೇಲಿನ ಮಣ್ಣನ್ನು ನೆನೆಸಿತು. ಕುಡಿದಾದ ಮೇಲೆ ಚೊಂಬನ್ನು ಕೆಳಗಿಡದೆ, ಇನ್ನೊಮ್ಮೆ ತುಂಬಿಸಿ ಅವಳ ಕಡೆ ಚಾಚಿದ.

ಅವಳು ತೆಗೆದುಕೊಂಡು ಕುಡಿದಳು. ಅದೇ ಗುಟುಕು, ಅದೇ ಸದ್ದು.

ಇಬ್ಬರ ನಡುವೆ ಅರ್ಧವಾದ ಕೊಡಕ್ಕೆ ಅವಳ ಕಾಲು ತಗಲಿತು. ಅದು ಡಬ್ ಎಂದಿತು.